ಸ್ವರವಿಲ್ಲದ ಸಾಲಿನ ಓದು: ಸಿರಿಯಾಕ್ ಪದ್ಯವೊಂದರ ಪಾಠನಿರ್ಣಯ

ಹಳೆಯ ಓಲೆಗರಿಗಳಲ್ಲಿ ‘ಎ’ಕಾರ ‘ಏ’ಕಾರಗಳಿಗೂ ‘ಒ’ಕಾರ ‘ಓ’ಕಾರಗಳಿಗೂ ಬರವಣಿಗೆಯಲ್ಲಿ ಭೇದ ಕಾಣದಿರುವುದುಂಟು. ‘ಕೊಡು’ ಎಂದೋ ‘ಕೋಡು’ ಎಂದೋ ಎಂಬ ಸಂದೇಹವನ್ನು ಸಂಪಾದಕನು ಛಂದಸ್ಸಿನಿಂದಲೂ ಅರ್ಥದಿಂದಲೂ ಬಗೆಹರಿಸಿಕೊಳ್ಳುತ್ತಾನೆ. ಗ್ರಂಥಸಂಪಾದನೆಯನ್ನು ಓದುವವರಿಗೆ ಇದು ಪರಿಚಿತ ವಿಷಯ. ಆದರೆ ಹ್ರಸ್ವ ದೀರ್ಘಗಳ ಭೇದವಷ್ಟೇ ಅಲ್ಲ, ಸ್ವರಗಳೇ ಬಹುಮಟ್ಟಿಗೆ ಬರೆಯಲ್ಪಡದ ಭಾಷೆಯಲ್ಲಿ ಪದ್ಯವನ್ನು ಓದುವುದು ಹೇಗೆ? ನಮ್ಮ ನೆರೆಯ ಕೇರಳದ ಚರ್ಚುಗಳ ಪ್ರಾರ್ಥನೆಯಲ್ಲಿ ಇಂದಿಗೂ ಕೇಳಿಬರುವ ಸಿರಿಯಾಕ್ ಭಾಷೆ ಇದಕ್ಕೆ ಒಳ್ಳೆಯ ನಿದರ್ಶನ.

ಸಿರಿಯಾಕ್ ಭಾಷೆ ಎದೆಸ್ಸಾ ನಗರದ, ಅಂದರೆ ಇಂದಿನ ತುರ್ಕಿಯ ಉರ್ಫಾದ, ಅರಮಾಯಿಕ್ ನುಡಿಯಿಂದ ಬೆಳೆದ ಸಾಹಿತ್ಯಭಾಷೆ. ಅದರ ಲಿಪಿಯಲ್ಲಿರುವ 22 ಅಕ್ಷರಗಳೂ ವ್ಯಂಜನಗಳೇ. ಕೆಲವು ಸ್ವರಗಳನ್ನು ಮಾತ್ರ ‘ಯ’, ‘ವ’, ‘ಆಲಫ್’ ಅಕ್ಷರಗಳು ಸೂಚಿಸುತ್ತವೆ. ಪೂರ್ಣ ಸ್ವರಚಿಹ್ನೆಗಳು ರೂಪುಗೊಂಡದ್ದು ಆಮೇಲೆ. ಪೂರ್ವದವರು ಚುಕ್ಕೆಗಳನ್ನೂ ಪಶ್ಚಿಮದವರು ಗ್ರೀಕ್ ಸ್ವರಾಕ್ಷರಗಳನ್ನೂ ಬಳಸಿದರು. ಕಾಲ ನಮೂದಾಗಿರುವ ಅತ್ಯಂತ ಹಳೆಯ ಸಿರಿಯಾಕ್ ಹಸ್ತಪ್ರತಿ ಕ್ರಿ.ಶ. 411ರದು, ಅಂಥ ಪ್ರತಿಗಳಲ್ಲಿ ಪೂರ್ಣ ಸ್ವರಚಿಹ್ನೆಗಳಿಲ್ಲ. ಇರುವುದು ಅಲ್ಲಲ್ಲಿ ಒಂದು ಚುಕ್ಕೆ. ಒಂದೇ ವ್ಯಂಜನಗಳುಳ್ಳ ಎರಡು ಪದಗಳಲ್ಲಿ ಒಂದಕ್ಕೆ ಮೇಲೆ, ಇನ್ನೊಂದಕ್ಕೆ ಕೆಳಗೆ ಚುಕ್ಕೆಯಿಡುವುದು ವಾಡಿಕೆ. ಮೇಲೆ ಚುಕ್ಕೆಯಿದ್ದರೆ ‘ಮಲ್ಕಾ’, ಅರಸ. ಕೆಳಗಿದ್ದರೆ ‘ಮೆಲ್ಕಾ’, ಸಲಹೆ. ಬಹುವಚನದ ನಾಮಪದಕ್ಕೆ ‘ಸ್ಯಾಮೆ’ ಎಂಬ ಜೋಡಿಚುಕ್ಕೆ ಬೀಳುತ್ತದೆ.

ಅಭ್ಯಾಸಕ್ಕಾಗಿಯೇ ರಚಿಸಿದ ಒಂದು ದ್ವಿಪದಿಯನ್ನು ನೋಡೋಣ. ಕ್ರಿ.ಶ. 373ರಲ್ಲಿ ತೀರಿಕೊಂಡ ಮಹಾಕವಿ ಎಫ್ರೇಮನ ಹೆಸರಿನಿಂದ ಪ್ರಸಿದ್ಧವಾದ ಛಂದಸ್ಸಿನಲ್ಲಿ ಅದಿದೆ; ಒಂದೊಂದು ಸಾಲಿಗೆ ಏಳು ಉಚ್ಚಾರಾಂಶಗಳು. ಇಲ್ಲಿ ಮಾತ್ರೆಯ ಲೆಕ್ಕವಿಲ್ಲ, ಗುರುಲಘುಗಳಿಲ್ಲ. ಎಷ್ಟು ಸ್ವರಗಳೋ ಅಷ್ಟು ಉಚ್ಚಾರಾಂಶಗಳು. ಕನ್ನಡದಲ್ಲಿ ಬರೆಯಲಾಗದ ಒಂದು ಕಂಠ್ಯ ವ್ಯಂಜನಕ್ಕೆ ’ ಗುರುತನ್ನು ಇಟ್ಟಿದೆ. ಮೃದು ಉಚ್ಚಾರಣೆಗಳನ್ನು ಬದಿಗಿರಿಸಿದೆ. ಹಸ್ತಪ್ರತಿಯಲ್ಲಿ ಕಾಣುವುದು ಇಷ್ಟು:

ಕ್‌ತ್‌ಬ್‌ತ್‌ – ಮ್‌ಲ್‌ಕ್‌ತ್‌ಆ – ಆಗ್‌ರ್‌ತ್‌ಆ
ವ್‌ಶ್‌ದ್‌ರ್‌ತ್‌ – ಬ್‌ಯ್‌ದ್‌ – ’ಬ್‌ದ್‌ಹ್‌ – ಟ್‌ಬ್‌ಆ

(‘ಆ’ ಎಂದು ತೋರಿಸಿರುವುದು ಆಲಫ್ ಅಕ್ಷರ. ಪದದ ಕೊನೆಯಲ್ಲಿ ಅದು ಸಾಮಾನ್ಯವಾಗಿ ‘ಆ’ ಧ್ವನಿಯನ್ನು ಸೂಚಿಸುತ್ತದೆ. ಮೊದಲಲ್ಲಿ ಯಾವ ಸ್ವರವನ್ನಾದರೂ ಹೊರಬಲ್ಲದು.)

ಮೊದಲ ಸಾಲಿನ ಎರಡು ನಾಮಪದಗಳು ಸುಲಭ: ‘ಮಲ್ಕ್ತಾ’ ಎಂದರೆ ರಾಣಿ, ‘ಎಗ್ಗರ್ತಾ’ ಎಂದರೆ ಓಲೆ. ಜೋಡಿಚುಕ್ಕೆಗಳಿಲ್ಲವಾದ್ದರಿಂದ ಎರಡೂ ಏಕವಚನ. ತೊಡಕಿರುವುದು ಕ್ರಿಯಾಪದದಲ್ಲಿ. ಅದೇ ನಾಲ್ಕು ವ್ಯಂಜನಗಳನ್ನು ‘ಕೆತ್ಬೆತ್’ (ನಾನು ಬರೆದೆ), ‘ಕೆತ್ಬತ್’ (ಅವಳು ಬರೆದಳು), ‘ಕ್ತಬ್ತ್’ (ನೀನು ಬರೆದೆ), ‘ಕಾತ್ಬತ್’ (ನೀನು ಬರೆಯುತ್ತೀ) ಎಂದು ನಾಲ್ಕು ಬಗೆಯಲ್ಲಿ ಓದಬಹುದು. ಕೊನೆಯ ಎರಡು ರೂಪಗಳು ಗಂಡಸನ್ನು ಉದ್ದೇಶಿಸಿದವು. ಹೆಂಗಸಿಗೆ ಹೇಳುವಾಗ ಉಚ್ಚಾರವಿಲ್ಲದ ‘ಯ’ ಒಂದನ್ನು ಕೊನೆಗೆ ಬರೆಯುತ್ತಾರೆ, ಇಲ್ಲಿ ಅದಿಲ್ಲ.

ಈಗ ಛಂದಸ್ಸನ್ನು ಕೇಳೋಣ. ಮಲ್-ಕ್ತಾ ಎರಡು, ಎಗ್-ಗರ್-ತಾ ಮೂರು, ಒಟ್ಟು ಐದು. ಕ್ರಿಯಾಪದಕ್ಕೆ ಉಳಿದದ್ದು ಎರಡು. ‘ಕ್ತಬ್ತ್’ ಒಂದೇ ಉಚ್ಚಾರಾಂಶವಾದ್ದರಿಂದ ಅದು ಬಿದ್ದುಹೋಯಿತು. ಮಿಕ್ಕ ಮೂರಕ್ಕೂ ಎರಡೆರಡು ಇರುವುದರಿಂದ ಛಂದಸ್ಸು ಇಲ್ಲಿಗೆ ಮೌನವಾಗುತ್ತದೆ. ಮುಂದಿನ ಸಾಕ್ಷಿ ವ್ಯಾಕರಣದ್ದು. ಪುಲ್ಲಿಂಗದ ‘ಕಾತ್ಬತ್’ಗೆ ರಾಣಿ ಕರ್ತೃವಾಗಲಾರಳು, ಸಂಬೋಧನೆಯೂ ಆಗಲಾರಳು, ಆ ಓದಿನಲ್ಲಿ ‘ರಾಣಿ’ ಎಂಬ ಪದಕ್ಕೆ ನೆಲೆಯೇ ಇಲ್ಲ.

ಉಳಿದವು ಎರಡು: “ರಾಣಿಯು ಓಲೆಯನ್ನು ಬರೆದಳು”, “ಎಲೈ ರಾಣಿಯೇ, ಓಲೆಯನ್ನು ಬರೆದೆನು”. ಎರಡೂ ವ್ಯಾಕರಣಶುದ್ಧ, ಎರಡೂ ಛಂದೋಬದ್ಧ. ಮೊದಲ ಸಾಲಿನೊಳಗೆ ಇದಕ್ಕೆ ಪರಿಹಾರವಿಲ್ಲ. ಎರಡನೆಯ ಸಾಲಿನ ‘’ಬ್‌ದ್‌ಹ್‌’ ಪದದ ಕೊನೆಯ ಹಕಾರವನ್ನು ಗಮನಿಸಬೇಕು. ಅದು ‘ಅವನ’ ಅಥವಾ ‘ಅವಳ’ ಎಂಬ ಪ್ರಥಮ ಪುರುಷದ ಷಷ್ಠಿಯ ಗುರುತು. ರಾಣಿಯನ್ನೇ ಕರೆದು ಮಾತನಾಡುತ್ತಿದ್ದರೆ ‘ನಿನ್ನ’ ಎಂಬರ್ಥದ ಕಕಾರವನ್ನು ನಿರೀಕ್ಷಿಸಬೇಕಿತ್ತು. ಹಕಾರವಿರುವುದರಿಂದ ರಾಣಿ ಪ್ರಥಮ ಪುರುಷದಲ್ಲಿದ್ದಾಳೆ ಎನ್ನುವುದು ಬಲವಾಗುತ್ತದೆ. ಹೀಗೆ ‘ಕೆತ್ಬತ್’ ನಿಲ್ಲುತ್ತದೆ. ಅದನ್ನು ಅನುಸರಿಸಿ ‘ಶದ್ದ್ರತ್’, ಕಳುಹಿಸಿದಳು.

ಇಲ್ಲಿ ಒಂದು ಅಪಾಯವುಂಟು. “ಹಕಾರವು ‘ಅವಳ’ ಎಂಬರ್ಥದ್ದು, ಆದ್ದರಿಂದ ರಾಣಿಯೇ ಬರೆದಳು, ರಾಣಿಯೇ ಬರೆದಳು, ಆದ್ದರಿಂದ ಹಕಾರವು ‘ಅವಳ’ ಎಂಬರ್ಥದ್ದು” ಎಂದು ವಾದಿಸಿದರೆ ಅದು ಸುತ್ತಿ ಬಂದು ತನ್ನನ್ನೇ ಆತುಕೊಂಡಂತೆ. ವ್ಯಂಜನ ಹೇಳುವುದು ಪ್ರಥಮ ಪುರುಷವೆಂದಷ್ಟೇ; ಲಿಂಗವನ್ನಲ್ಲ. ‘’ಅಬ್ದೆಹ್’ (ಅವನ ಸೇವಕ), ‘’ಅಬ್ದಾಹ್’ (ಅವಳ ಸೇವಕ) ಎರಡೂ ಸಾಧ್ಯ. ಸಮೀಪದ ನಾಮಪದ ರಾಣಿಯಾದ್ದರಿಂದ ‘ಅವಳ’ ಎಂಬುದು ಸಹಜ. ಆದರೆ ಹಿಂದಿನ ಪದ್ಯದಲ್ಲಿ ಅರಸನು ತನ್ನ ಸೇವಕನನ್ನು ಅರಮನೆಯಲ್ಲಿ ಬಿಟ್ಟುಹೋದ ಪ್ರಸ್ತಾಪವಿದ್ದರೆ ನಿರ್ಣಯ ಬದಲಾಗಬಹುದು. ಹಸ್ತಪ್ರತಿಯ ಹಕಾರದ ಮೇಲೆ ಚುಕ್ಕೆಯಿದ್ದರೆ ಸ್ತ್ರೀಲಿಂಗವೆಂದು ತಿಳಿಯಬೇಕು. ಆದರೆ ಆ ಚುಕ್ಕೆ ಮೂಲ ಲಿಪಿಕಾರನದೋ, ಬೇರೆ ಮಸಿಯಲ್ಲಿ ಆಮೇಲಿನ ಓದುಗನೊಬ್ಬ ಇಟ್ಟದ್ದೋ ಎಂಬುದನ್ನು ಮೊದಲು ನೋಡಬೇಕು. ಎರಡನೆಯದಾದರೆ ಅದು ಪಾಠವಲ್ಲ, ಒಬ್ಬ ಓದುಗನ ಅಭಿಪ್ರಾಯ.

ಅದೇ ಪದವನ್ನು ‘’ಬಾದಾಹ್’, ಅವಳ ಕಾರ್ಯ, ಎಂದೂ ಓದಬಹುದು. ಉಚ್ಚಾರಾಂಶಗಳು ಆಗಲೂ ಎರಡೇ. ‘ಬ್ಯದ್’ ಎಂಬುದಕ್ಕೆ ‘ಕೈಯಲ್ಲಿ’, ‘ಮೂಲಕ’ ಎಂಬ ಎರಡರ್ಥಗಳೂ ಇರುವುದರಿಂದ ವ್ಯಾಕರಣದ ಅಡ್ಡಿಯೂ ಇಲ್ಲ. ಇಲ್ಲಿ ತೀರ್ಪು ಸಂದರ್ಭದ್ದು. ಬರೆದ ಓಲೆಗೆ ಒಯ್ಯುವವನು ಬೇಕು. ‘ಒಬ್ಬನ ಕೈಯಲ್ಲಿ ಕಳುಹಿಸುವುದು’ ಸಿರಿಯಾಕಿನ ರೂಢಿಯ ಮಾತೂ ಹೌದು.

ಕೊನೆಯ ಪದ ಇನ್ನೂ ಸೂಕ್ಷ್ಮ. ‘ಟಾಬಾ’ ಎಂದರೆ ಒಳ್ಳೆಯ. ‘ಟೆಬ್ಬಾ’ ಎಂದರೆ ಸುದ್ದಿ. “ತನ್ನ ಒಳ್ಳೆಯ ಸೇವಕನ ಕೈಯಲ್ಲಿ ಕಳುಹಿಸಿದಳು” ಎಂದೂ “ತನ್ನ ಸೇವಕನ ಕೈಯಲ್ಲಿ ಸುದ್ದಿಯನ್ನು ಕಳುಹಿಸಿದಳು” ಎಂದೂ ಓದಬಹುದು. ಎರಡರಲ್ಲೂ ಏಳು ಉಚ್ಚಾರಾಂಶಗಳು ಸರಿಯಾಗಿವೆ. ಓಲೆಯೇ ಕಳುಹಿಸಲ್ಪಟ್ಟಿದ್ದರೆ ‘ಅದನ್ನು’ ಎಂಬ ಪ್ರತ್ಯಯ ಕ್ರಿಯಾಪದಕ್ಕೆ ಹತ್ತುವುದು ಹೆಚ್ಚು ಸಹಜ. ಇಲ್ಲಿ ಅದಿಲ್ಲದಿರುವುದರಿಂದ ಕರ್ಮಪದವನ್ನು ಒದಗಿಸುವ ‘ಟೆಬ್ಬಾ’ದ ಕಡೆಗೆ ತಕ್ಕಡಿ ಕೊಂಚ ವಾಲುತ್ತದೆ. ಕರ್ಮವು ಅಧ್ಯಾಹಾರವಾಗುವುದೂ ಉಂಟಾದ್ದರಿಂದ ಇದು ಒಲವೇ ಹೊರತು ಸಾಧನೆಯಲ್ಲ. ಮುಂದಿನ ಪದ್ಯದಲ್ಲಿ ಅರಸನು ಸುದ್ದಿ ಕೇಳಿದನೆಂದಿದೆಯೋ ಸೇವಕನನ್ನು ಹೊಗಳಿದನೆಂದಿದೆಯೋ ನೋಡಬೇಕು. ಯಾವುದೂ ಇಲ್ಲವಾದರೆ ಒಂದನ್ನು ಪಾಠದಲ್ಲಿಟ್ಟು ಇನ್ನೊಂದನ್ನು ಅಡಿಟಿಪ್ಪಣಿಯಲ್ಲಿ ಕೊಡುವುದೇ ಸಂಪಾದಕನ ಧರ್ಮ.

ಈ ಕ್ರಮದಲ್ಲಿ ಸಾಕ್ಷಿಗಳ ಸರದಿಯೇ ಮುಖ್ಯ. ಬರೆದಿರುವ ಅಕ್ಷರ ಮೊದಲು, ಆಮೇಲೆ ಉಚ್ಚಾರಾಂಶದ ಎಣಿಕೆ, ಅನಂತರ ಲಿಂಗವಚನಪುರುಷಗಳ ಹೊಂದಿಕೆ, ಕಟ್ಟಕಡೆಗೆ ಸಂದರ್ಭ. ಸಂದರ್ಭವನ್ನೇ ಮೊದಲು ಕರೆದರೆ ನಾವು ಬಯಸಿದ ಅರ್ಥವನ್ನು ಅದು ಹೇಳಿಬಿಡುತ್ತದೆ; ಕಡೆಗೆ ಕರೆದಾಗ ಉಳಿದ ಎರಡು ಓದುಗಳ ನಡುವೆ ಮಾತ್ರ ಅದು ಆಯ್ಕೆ ಮಾಡಬೇಕಾಗುತ್ತದೆ.