ಒಂದು ಚಮಚ ಮೆಂತ್ಯ, ಒಂದು ಹಿಡಿ ಮೆಂತ್ಯ

ಲಿಪಿಡ್ ಪ್ರೊಫೈಲ್ ರಿಪೋರ್ಟಿನಲ್ಲಿ ಎಲ್‌ಡಿಎಲ್ ಎದುರಿಗಿರುವ ಅಂಕಿ ದಪ್ಪಕ್ಷರದಲ್ಲಿ ಬಂತೆಂದರೆ ಸಾಕು, ಡಾಕ್ಟರ ಚೀಟಿ ಮೆಡಿಕಲ್ ಶಾಪ್ ತಲುಪುವ ಮೊದಲೇ ಮನೆಯಲ್ಲಿ ಔಷಧಿ ನಿರ್ಧಾರವಾಗಿರುತ್ತದೆ. ರಾತ್ರಿ ಒಂದು ಚಮಚ ಮೆಂತ್ಯ ನೆನೆಹಾಕಿ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಆ ನೀರು ಕುಡಿಯುವುದು. ಜೊತೆಗೆ ದಿನಕ್ಕೊಂದು ನೆಲ್ಲಿಕಾಯಿ, ಎರಡು ಎಸಳು ಬೆಳ್ಳುಳ್ಳಿ. ಇದನ್ನು ಬರಿಯ ನಂಬಿಕೆ ಎಂದು ತಳ್ಳಿಹಾಕುವುದು ತಪ್ಪು, ಮಾತ್ರೆಗೆ ಬದಲಿ ಎಂದುಕೊಳ್ಳುವುದು ಅದಕ್ಕಿಂತ ದೊಡ್ಡ ತಪ್ಪು. ಮೆಂತ್ಯದಲ್ಲಿ ವಿಜ್ಞಾನಿಗಳೂ ಆಸಕ್ತಿ ತೋರಿಸಿದ್ದಾರೆ. ಆದರೆ ಅವರು ಪರೀಕ್ಷಿಸಿದ್ದಕ್ಕೂ ನಾವು ಕುಡಿಯುತ್ತಿರುವುದಕ್ಕೂ ಬಹಳ ಅಂತರವಿದೆ.

ಮೆಂತ್ಯ ಕೆಲಸ ಮಾಡುವುದು ರಕ್ತದಲ್ಲಲ್ಲ, ಕರುಳಿನಲ್ಲಿ. ಕೊಬ್ಬು ಜೀರ್ಣವಾಗಲು ಪಿತ್ತರಸ ಬೇಕು. ಅದರಲ್ಲಿರುವ ಪಿತ್ತಾಮ್ಲಗಳನ್ನು ಯಕೃತ್ತು ತಯಾರಿಸುವುದು ಕೊಲೆಸ್ಟ್ರಾಲಿನಿಂದಲೇ. ಕೆಲಸ ಮುಗಿಸಿದ ಪಿತ್ತಾಮ್ಲಗಳಲ್ಲಿ ಬಹುಪಾಲನ್ನು ಸಣ್ಣ ಕರುಳಿನ ಕೊನೆಯ ಭಾಗ ಹೀರಿಕೊಂಡು ಯಕೃತ್ತಿಗೆ ವಾಪಸು ಕಳಿಸುತ್ತದೆ. ಮೆಂತ್ಯವನ್ನು ನೆನೆಹಾಕಿದಾಗ ಕೈಗೆ ಲೋಳೆಲೋಳೆಯಾಗಿ ಅಂಟುತ್ತದಲ್ಲ, ಅದು ಗ್ಯಾಲಕ್ಟೊಮ್ಯಾನನ್ ಎಂಬ ಕರಗುವ ನಾರು. ಈ ನಾರು ಕರುಳಿನಲ್ಲಿ ಉಬ್ಬಿ, ಪಿತ್ತಾಮ್ಲಗಳಲ್ಲಿ ಒಂದಿಷ್ಟನ್ನು ಹಿಡಿದಿಟ್ಟುಕೊಂಡು ಮಲದ ಜೊತೆ ಹೊರಕ್ಕೆ ಸಾಗಿಸುತ್ತದೆ. ಕಾಳಿನ ಕಹಿಯ ಭಾಗದಲ್ಲಿರುವ ಸಪೋನಿನ್‌ಗಳೂ ಇದಕ್ಕೆ ನೆರವಾಗುತ್ತವೆ ಎಂದು ಸಂಶೋಧಕರು ಭಾವಿಸಿದ್ದಾರೆ. ಹೀಗೆ ಕಳೆದುಹೋದದ್ದನ್ನು ತುಂಬಿಕೊಳ್ಳಲು ಯಕೃತ್ತು ರಕ್ತದಲ್ಲಿರುವ ಎಲ್‌ಡಿಎಲ್ ಅನ್ನು ಹೆಚ್ಚಾಗಿ ಎಳೆದುಕೊಳ್ಳಬೇಕಾಗುತ್ತದೆ. ರಿಪೋರ್ಟಿನ ಅಂಕಿ ಇಳಿಯುವುದು ಆಗ. ಇಸಬ್‌ಗೋಲ್ ಮತ್ತು ಓಟ್ಸ್ ಕೊಲೆಸ್ಟ್ರಾಲ್ ಇಳಿಸುವ ದಾರಿಯೂ ಹೆಚ್ಚುಕಡಿಮೆ ಇದೇ.

ಇದನ್ನು ಅರಿತ ಮೇಲೆ ಮೊದಲು ಕೇಳಬೇಕಾದ ಪ್ರಶ್ನೆ ಎಷ್ಟು ಮೆಂತ್ಯ ಎಂಬುದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಲ್ಲಿ ಆರ್. ಡಿ. ಶರ್ಮಾ ಮತ್ತು ಸಂಗಡಿಗರು ಮೆಂತ್ಯದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. 1990ರಲ್ಲಿ ಪ್ರಕಟವಾದ ಅವರ ಒಂದು ಅಧ್ಯಯನದಲ್ಲಿ, ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದ ಮಧುಮೇಹಿಗಳಿಗೆ ಕೊಬ್ಬು ತೆಗೆದ ಮೆಂತ್ಯದ ಪುಡಿಯನ್ನು ದಿನಕ್ಕೆ 100 ಗ್ರಾಂ, ಮಧ್ಯಾಹ್ನ ಅರ್ಧ ರಾತ್ರಿ ಅರ್ಧ, ಊಟದಲ್ಲಿ ಸೇರಿಸಿ ಕೊಟ್ಟಿದ್ದರು. ಹತ್ತು ದಿನಗಳಲ್ಲಿ ಸಕ್ಕರೆಯೂ ಇಳಿಯಿತು, ಕೊಲೆಸ್ಟ್ರಾಲೂ ಇಳಿಯಿತು. 100 ಗ್ರಾಂ ಮೆಂತ್ಯವನ್ನು ದಿನವೂ ಯಾರೂ ತಿನ್ನಲಾರರು. ಹಾಗಾಗಿ ಮುಂದಿನ ಅಧ್ಯಯನದಲ್ಲಿ 60 ಮಂದಿ ಮಧುಮೇಹಿಗಳಿಗೆ ದಿನಕ್ಕೆ 25 ಗ್ರಾಂ ಪುಡಿಯನ್ನು 24 ವಾರ ಕೊಟ್ಟು ನೋಡಿದರು. ಆಗಲೂ ಕೊಲೆಸ್ಟ್ರಾಲ್ ಇಳಿಯಿತು.

ಈಗ ಅಡುಗೆಮನೆಯ ತಕ್ಕಡಿಗೆ ಬನ್ನಿ. ಒಂದು ಟೀ ಚಮಚ ಮೆಂತ್ಯ ಹೆಚ್ಚೆಂದರೆ 4 ಗ್ರಾಂ ತೂಗುತ್ತದೆ. 25 ಗ್ರಾಂ ಆಗಬೇಕಾದರೆ ಆರೇಳು ಚಮಚ, ಅಂದರೆ ಒಂದು ಹಿಡಿಯಷ್ಟು ಬೇಕು. ದೋಸೆ ಹಿಟ್ಟಿಗೆ ಹಾಕುವ ಒಂದು ಚಮಚ ಇಡೀ ಮನೆಗೆ ಹಂಚಿಹೋಗುತ್ತದೆ. ಮೆಂತ್ಯದ ಹಿಟ್ಟಿನಲ್ಲಿ ಕಡಲೆಬೇಳೆ, ಗೋಧಿಯಂಥ ಧಾನ್ಯಗಳೇ ಜಾಸ್ತಿ, ಮೆಂತ್ಯ ಘಮಕ್ಕೆ ಬೇಕಾದಷ್ಟೇ. ಇನ್ನು ನೆನೆಸಿದ ನೀರನ್ನು ಮಾತ್ರ ಕುಡಿದು ಕಾಳನ್ನು ಗಿಡದ ಬುಡಕ್ಕೆ ಸುರಿಯುವವರು ಎಷ್ಟೋ ಮಂದಿ. ನೀರಿಗೆ ಬಿಡುವ ಲೋಳೆ ಸ್ವಲ್ಪ, ನಾರಿನ ಬಹುಭಾಗ ಕಾಳಿನಲ್ಲೇ ಉಳಿದಿರುತ್ತದೆ. ಪ್ರಯೋಗಗಳಲ್ಲಿ ಜನ ತಿಂದದ್ದು ಕಾಳಿನ ಪುಡಿಯನ್ನು.

ಕಡಿಮೆ ಪ್ರಮಾಣದಲ್ಲಿ ಏನಾಗುತ್ತದೆ ಎಂಬುದಕ್ಕೂ ಒಂದು ಭಾರತೀಯ ಅಧ್ಯಯನವಿದೆ. 1997ರಲ್ಲಿ ಬೋರ್ಡಿಯಾ ಮತ್ತು ಸಂಗಡಿಗರು ಎರಡೂವರೆ ಗ್ರಾಂ ಮೆಂತ್ಯವನ್ನು ದಿನಕ್ಕೆರಡು ಬಾರಿ, ಮೂರು ತಿಂಗಳು ಕೊಟ್ಟ ಫಲಿತಾಂಶ ಪ್ರಕಟಿಸಿದರು. ಆರೋಗ್ಯವಂತರ ರಕ್ತದ ಕೊಬ್ಬಿನಲ್ಲಿ ಏನೂ ಬದಲಾಗಲಿಲ್ಲ. ಹೃದ್ರೋಗದ ಜೊತೆಗೆ ಮಧುಮೇಹವೂ ಇದ್ದವರಲ್ಲಿ ಮಾತ್ರ ಇಳಿಕೆ ಕಂಡಿತು. ನಂತರದ ವರ್ಷಗಳಲ್ಲಿ ಬೇರೆ ಬೇರೆ ದೇಶಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದವರಿಗೂ ಸಿಕ್ಕ ಉತ್ತರ ಹೀಗೆಯೇ ಇದೆ: ಪರಿಣಾಮ ಇದೆ, ಅದು ಸಾಧಾರಣ, ಮಧುಮೇಹಿಗಳಲ್ಲಿ ಹೆಚ್ಚು ಸ್ಪಷ್ಟ. ಈ ಪ್ರಯೋಗಗಳಲ್ಲಿ ಬಹಳಷ್ಟು ಸಣ್ಣವು, ಕೆಲವೇ ವಾರಗಳವು. ಇನ್ನೊಂದು ತೊಡಕೂ ಇದೆ. ಔಷಧಿ ಪರೀಕ್ಷೆಯಲ್ಲಿ ಯಾರಿಗೆ ನಿಜವಾದ ಮಾತ್ರೆ, ಯಾರಿಗೆ ಹುಸಿ ಮಾತ್ರೆ ಸಿಕ್ಕಿದೆ ಎಂದು ರೋಗಿಗೆ ತಿಳಿಯಬಾರದು. ಮೆಂತ್ಯದ ಕಹಿಯನ್ನೂ, ಬೆವರಿಗೂ ಹತ್ತುವ ಅದರ ವಾಸನೆಯನ್ನೂ ಮರೆಮಾಚುವುದು ಹೇಗೆ? ತನಗೆ ಮೆಂತ್ಯ ಕೊಡುತ್ತಿದ್ದಾರೆಂದು ಗೊತ್ತಾದವನು ಊಟದಲ್ಲೂ ತುಸು ಎಚ್ಚರವಹಿಸುತ್ತಾನೆ. ಅಂಕಿ ಇಳಿದದ್ದು ಮೆಂತ್ಯದಿಂದಲೋ ಎಚ್ಚರದಿಂದಲೋ ಹೇಳುವುದು ಕಷ್ಟವಾಗುತ್ತದೆ.

ನೆಲ್ಲಿಕಾಯಿಯ ಕಥೆ ಚಿಕ್ಕದು, ಆದರೆ ಅದರಲ್ಲೊಂದು ಮುಖ್ಯ ಸಂಗತಿಯಿದೆ. 1988ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 35ರಿಂದ 55 ವರ್ಷದ ಗಂಡಸರಿಗೆ 28 ದಿನ ಹಸಿ ನೆಲ್ಲಿಕಾಯಿ ಕೊಟ್ಟರು. ಕೊಲೆಸ್ಟ್ರಾಲ್ ಹೆಚ್ಚಿದ್ದವರಲ್ಲೂ ಇಲ್ಲದವರಲ್ಲೂ ಅದು ಇಳಿಯಿತು. ನಿಲ್ಲಿಸಿದ ಎರಡೇ ವಾರಕ್ಕೆ, ಹೆಚ್ಚಿದ್ದವರ ಅಂಕಿ ಬಹುತೇಕ ಮೊದಲಿನ ಮಟ್ಟಕ್ಕೇ ಮರಳಿತು. ಅಂದರೆ ಕಾರ್ತಿಕದಲ್ಲಿ ತುಳಸಿ ಹಬ್ಬಕ್ಕೆ ತಂದ ನೆಲ್ಲಿಕಾಯಿಯನ್ನು ನಾಲ್ಕು ದಿನ ತಿಂದು ವರ್ಷವಿಡೀ ಫಲ ಸಿಗುವುದಿಲ್ಲ. 2019ರಲ್ಲಿ ನೂರರಷ್ಟು ರೋಗಿಗಳ ಮೇಲೆ, ಹುಸಿ ಮಾತ್ರೆಯೊಂದಿಗೆ ಹೋಲಿಸಿ ನಡೆದ 12 ವಾರಗಳ ಪ್ರಯೋಗದಲ್ಲೂ ನೆಲ್ಲಿಗೆ ಅನುಕೂಲಕರ ಫಲ ಬಂದಿದೆ. ಅಲ್ಲಿ ಕೊಟ್ಟದ್ದು ನೆಲ್ಲಿಯ ಸಾರದ ಕ್ಯಾಪ್ಸೂಲ್. ಆ ಫಲಿತಾಂಶವನ್ನು ಉಪ್ಪು ತುಂಬಿದ ಉಪ್ಪಿನಕಾಯಿಗೋ ಸಕ್ಕರೆ ಪಾಕದ ಮೊರಬ್ಬಕ್ಕೋ ಅನ್ವಯಿಸುವಂತಿಲ್ಲ. ಬಿಪಿ ಇರುವವರು ದಿನವೂ ನೆಲ್ಲಿ ಉಪ್ಪಿನಕಾಯಿ ತಿಂದರೆ ಲಾಭಕ್ಕಿಂತ ನಷ್ಟವೇ ಹೆಚ್ಚು.

ಬೆಳ್ಳುಳ್ಳಿಯ ವಿಷಯದಲ್ಲಿ ಮಾತ್ರ ಖಡಾಖಂಡಿತವಾಗಿ ಹೇಳಬಹುದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಗಾರ್ಡನರ್ ತಂಡ ಎಲ್‌ಡಿಎಲ್ ಮಧ್ಯಮವಾಗಿ ಏರಿದ್ದ 192 ಮಂದಿಯನ್ನು ನಾಲ್ಕು ಗುಂಪು ಮಾಡಿತು. ಒಂದು ಗುಂಪಿಗೆ ಹಸಿ ಬೆಳ್ಳುಳ್ಳಿಯನ್ನು ಸ್ಯಾಂಡ್‌ವಿಚ್‌ನಲ್ಲಿ ಇಟ್ಟು, ಇನ್ನೆರಡಕ್ಕೆ ಎರಡು ಬಗೆಯ ಬೆಳ್ಳುಳ್ಳಿ ಮಾತ್ರೆ, ನಾಲ್ಕನೆಯದಕ್ಕೆ ಹುಸಿ ಮಾತ್ರೆ. ವಾರಕ್ಕೆ ಆರು ದಿನದಂತೆ ಆರು ತಿಂಗಳು. 2007ರಲ್ಲಿ ಬಂದ ಫಲಿತಾಂಶ: ಯಾವ ಗುಂಪಿನಲ್ಲೂ ಎಲ್‌ಡಿಎಲ್ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. 2022ರಲ್ಲಿ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ವೈದ್ಯರು ಬೆಳ್ಳುಳ್ಳಿ, ದಾಲ್ಚಿನ್ನಿ, ಅರಿಶಿನ ಸೇರಿದಂತೆ ಆರು ಪೂರಕಗಳನ್ನು ರೊಸುವಾಸ್ಟಾಟಿನ್ ಮಾತ್ರೆಯ ಪಕ್ಕ ಇಟ್ಟು ನಾಲ್ಕು ವಾರ ನೋಡಿದರು. ಕೇವಲ 5 ಮಿಲಿಗ್ರಾಂ ಮಾತ್ರೆ ಎಲ್‌ಡಿಎಲ್ ಅನ್ನು ಶೇ. 38ರಷ್ಟು ಇಳಿಸಿತು. ಆ ಆರರಲ್ಲಿ ಒಂದೂ ಹುಸಿ ಮಾತ್ರೆಗಿಂತ ಹೆಚ್ಚಿನ ಕೆಲಸ ಮಾಡಲಿಲ್ಲ. ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಬೇಕೇ ಬೇಕು, ರುಚಿಗಾಗಿ.

ಹಾಗಿದ್ದರೆ "ಮೆಂತ್ಯ ಕುಡಿದೆ, ನನಗೆ ಇಳಿಯಿತು" ಎನ್ನುವವರ ಮಾತು ಸುಳ್ಳೇ? ಅಲ್ಲ. ಅಂಕಿ ನಿಜವಾಗಿಯೂ ಇಳಿದಿರುತ್ತದೆ, ಕಾರಣ ಬೇರೆ ಇರಬಹುದು. ಐವತ್ತು ದಾಟಿದ ಒಬ್ಬರ ಉದಾಹರಣೆ ತೆಗೆದುಕೊಳ್ಳೋಣ. ಮೊದಲ ರಿಪೋರ್ಟಿನಲ್ಲಿ ಒಟ್ಟು ಕೊಲೆಸ್ಟ್ರಾಲ್ 236, ಎಚ್‌ಡಿಎಲ್ 40, ಟ್ರೈಗ್ಲಿಸರೈಡ್ 180. ಹಲವು ಲ್ಯಾಬ್‌ಗಳು ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯುವುದಿಲ್ಲ. ಒಟ್ಟು ಅಂಕಿಯಿಂದ ಎಚ್‌ಡಿಎಲ್ ಅನ್ನೂ, ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಕಳೆದು ಬರೆಯುತ್ತವೆ. ಇಲ್ಲಿ ಅದು 160. ಅವರು ಮೂರು ತಿಂಗಳು ಮೆಂತ್ಯದ ನೀರು ಕುಡಿದರು. ಎರಡನೇ ರಿಪೋರ್ಟ್: ಒಟ್ಟು 224, ಎಚ್‌ಡಿಎಲ್ 42, ಟ್ರೈಗ್ಲಿಸರೈಡ್ 160. ಲೆಕ್ಕ ಹಾಕಿದರೆ ಎಲ್‌ಡಿಎಲ್ 150.

ಹತ್ತು ಅಂಕಿ ಇಳಿಯಿತೆಂದು ಮನೆಮಂದಿಗೆಲ್ಲ ಸಂತೋಷ. ಆದರೆ ಹತ್ತು ಎಂದರೆ ಇಲ್ಲಿ ಶೇ. 6ರಷ್ಟು. ಏನನ್ನೂ ಮಾಡದೆ, ಒಬ್ಬರದೇ ರಕ್ತವನ್ನು ಎರಡು ಬೇರೆ ವಾರಗಳಲ್ಲಿ ತೆಗೆದು ನೋಡಿದರೂ ಇಷ್ಟು ಏರಿಳಿತ ಸಹಜ. ಜೊತೆಗೆ ಅಂಕಿ ಮೇಲಿದ್ದ ದಿನ ಎಚ್ಚೆತ್ತು ಔಷಧಿ ಶುರು ಮಾಡಿದವರಿಗೆ, ಮುಂದಿನ ಸಲ ಅದು ತನ್ನಷ್ಟಕ್ಕೇ ಸ್ವಲ್ಪ ಕೆಳಗೆ ಬರುವ ಸಂಭವ ಜಾಸ್ತಿ. ಆ ಮೂರು ತಿಂಗಳಲ್ಲಿ ಸಂಜೆಯ ಬಜ್ಜಿ, ಬೇಕರಿ ಪಫ್ ಬಿಟ್ಟದ್ದೂ ಲೆಕ್ಕಕ್ಕೆ ಬರಬೇಕು.

ನಿಜ ತಿಳಿಯುವ ಆಸೆಯಿದ್ದರೆ ದಾರಿ ಇದೆ. ಶುರು ಮಾಡುವ ಮೊದಲು ಎರಡು ವಾರದ ಅಂತರದಲ್ಲಿ ಎರಡು ಸಲ, ಒಂದೇ ಲ್ಯಾಬಿನಲ್ಲಿ, ಒಂದೇ ರೀತಿಯಲ್ಲಿ ಉಪವಾಸವಿದ್ದು ಪರೀಕ್ಷೆ ಮಾಡಿಸಿ ಸರಾಸರಿ ಬರೆದಿಟ್ಟುಕೊಳ್ಳಿ. ಆಮೇಲೆ ಕಾಳನ್ನೇ ಹುರಿಯದೆ ಪುಡಿ ಮಾಡಿ, 5 ಗ್ರಾಂನಿಂದ ಆರಂಭಿಸಿ, ವಾರವಾರಕ್ಕೂ ಸ್ವಲ್ಪ ಸ್ವಲ್ಪ ಏರಿಸಿ. ಒಮ್ಮೆಲೇ 25 ಗ್ರಾಂ ತಿಂದರೆ ಹೊಟ್ಟೆ ಉಬ್ಬರ, ಭೇದಿ ಗ್ಯಾರಂಟಿ. ಮಜ್ಜಿಗೆಯಲ್ಲಿ ಕದಡಿದರೆ ಅಥವಾ ಚಪಾತಿ ಹಿಟ್ಟಿಗೆ ಬೆರೆಸಿದರೆ ಕಹಿ ತಡೆಯಬಹುದು. ನೀರು ಸಾಕಷ್ಟು ಕುಡಿಯಬೇಕು. ಮೂರು ತಿಂಗಳಾದ ಮೇಲೆ ಮತ್ತೆ ಎರಡು ಸಲ ಪರೀಕ್ಷೆ. ಎರಡು ಸರಾಸರಿಗಳ ನಡುವೆ ಶೇ. 10ಕ್ಕಿಂತ ಹೆಚ್ಚಿನ ಇಳಿಕೆ ಕಂಡರೆ ಅದಕ್ಕೆ ಬೆಲೆ ಕೊಡಬಹುದು. ಆಗಲೂ ಮೆಂತ್ಯದ ಜೊತೆಗೆ ಬದಲಾದ ಊಟ, ತೂಕ, ನಡಿಗೆಯ ಪಾಲೂ ಅದರಲ್ಲಿ ಇರುತ್ತದೆ.

ಈ ಪ್ರಯೋಗ ಎಲ್ಲರಿಗೂ ಹೇಳಿದ್ದಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇಷ್ಟು ಮೆಂತ್ಯದಿಂದ ಸಕ್ಕರೆ ಹಠಾತ್ತನೆ ಕುಸಿಯಬಹುದು. ಬೆವರು, ನಡುಕ, ಕಣ್ಣು ಕತ್ತಲೆ ಬಂದರೆ ತಕ್ಷಣ ಸಕ್ಕರೆ ತಿನ್ನಬೇಕು, ಡಾಕ್ಟರಿಗೆ ತಿಳಿಸಬೇಕು. ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು, ಗರ್ಭಿಣಿಯರು, ಕಡಲೆ ಅಥವಾ ಶೇಂಗಾ ಅಲರ್ಜಿ ಇರುವವರು ಔಷಧಿಯ ಪ್ರಮಾಣದಲ್ಲಿ ಮೆಂತ್ಯ ತಿನ್ನಬಾರದು. ಲೋಳೆಯ ನಾರು ಪಿತ್ತಾಮ್ಲವನ್ನು ಹಿಡಿದಂತೆ ಮಾತ್ರೆಯನ್ನೂ ಹಿಡಿಯಬಹುದು. ಆದ್ದರಿಂದ ಥೈರಾಯ್ಡ್ ಮಾತ್ರೆಗೂ ಮೆಂತ್ಯಕ್ಕೂ ನಡುವೆ ಕೆಲವು ಗಂಟೆಗಳ ಅಂತರ ಇರಲಿ.

ನನ್ನನ್ನು ಕಾಡುವುದು ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡವರು, "ಇಂಗ್ಲಿಷ್ ಮಾತ್ರೆ ಯಾಕೆ, ಮೆಂತ್ಯ ಇದೆಯಲ್ಲ" ಎಂದು ಸ್ಟಾಟಿನ್ ನಿಲ್ಲಿಸುವುದು. ಅವರ ಎಲ್‌ಡಿಎಲ್ ಅನ್ನು ವೈದ್ಯರು 70ಕ್ಕಿಂತ, ಎಷ್ಟೋ ಸಲ 55ಕ್ಕಿಂತ ಕೆಳಗೆ ಇಡಲು ನೋಡುತ್ತಾರೆ. 150ರಿಂದ ಅಲ್ಲಿಗೆ ಇಳಿಯಲು ಅರ್ಧಕ್ಕೂ ಹೆಚ್ಚಿನ ಕಡಿತ ಬೇಕು. ಯಾವ ಕಾಳಿಗೂ ಆ ಶಕ್ತಿ ಇಲ್ಲ. ಸ್ಟಾಟಿನ್‌ಗಳಿಂದ ಎಲ್‌ಡಿಎಲ್ ಸುಮಾರು 39 ಅಂಕಿ ಇಳಿದರೆ ಹೃದಯಾಘಾತ, ಪಾರ್ಶ್ವವಾಯುವಿನಂಥ ದೊಡ್ಡ ಅವಘಡಗಳು ಸುಮಾರು ಐದನೇ ಒಂದು ಭಾಗದಷ್ಟು ಕಡಿಮೆಯಾಗುತ್ತವೆ ಎಂಬುದು ಲಕ್ಷಕ್ಕೂ ಹೆಚ್ಚು ಜನರ ಮೇಲಿನ ಪ್ರಯೋಗಗಳಲ್ಲಿ ಕಂಡದ್ದು. ಮೆಂತ್ಯದಿಂದ ಹೃದಯಾಘಾತ ತಪ್ಪಿತೆಂದು ತೋರಿಸಿದ ಅಂಥ ಪ್ರಯೋಗ ಇಲ್ಲ.

ಎಲ್‌ಡಿಎಲ್ 190 ದಾಟಿದ್ದರೆ ವಿಷಯವೇ ಬೇರೆ. ಅದು ಊಟದಿಂದಲ್ಲ, ವಂಶದಿಂದ ಬಂದಿರಬಹುದು. ಅಪ್ಪನಿಗೋ ಚಿಕ್ಕಪ್ಪನಿಗೋ ನಲವತ್ತು ನಲವತ್ತೈದರಲ್ಲೇ ಹೃದಯಾಘಾತವಾಗಿತ್ತೇ ಎಂದು ಕೇಳಿ ನೋಡಬೇಕು, ಮಕ್ಕಳ ರಕ್ತವನ್ನೂ ಪರೀಕ್ಷಿಸಬೇಕು. ಮೊದಲು ಸರಿಯಿದ್ದ ಅಂಕಿ ಇದ್ದಕ್ಕಿದ್ದಂತೆ ಏರಿದ್ದರೆ, ಅದರಲ್ಲೂ ಸುಸ್ತು, ಮಲಬದ್ಧತೆ, ಚಳಿ ತಡೆಯಲಾಗದ ತೊಂದರೆ ಇದ್ದರೆ, ಟಿಎಸ್‌ಎಚ್ ಪರೀಕ್ಷೆ ಮಾಡಿಸಬೇಕು. ಥೈರಾಯ್ಡ್ ಮಂದವಾದಾಗಲೂ ಕೊಲೆಸ್ಟ್ರಾಲ್ ಏರುತ್ತದೆ. ಆಗ ಥೈರಾಯ್ಡಿಗೆ ಚಿಕಿತ್ಸೆ ಮಾಡಿದರೆ ಅದೂ ಎಷ್ಟೋ ಮಟ್ಟಿಗೆ ಇಳಿಯುತ್ತದೆ.