ಬೆಲ್ಲ ತೆಗೆದ ಚಿಕ್ಕಿ: ಪ್ರೋಟೀನ್ ಬಾರ್‌ನ ಕಳೆಯುವ ಲೆಕ್ಕ

ಶೇಂಗಾ ಚಿಕ್ಕಿ ಮಾಡುವವರಿಗೆ ಗೊತ್ತಿರುವಂತೆ ಬೆಲ್ಲದ ಪಾಕಕ್ಕೆ ಅಲ್ಲಿ ಎರಡು ಕೆಲಸ. ಒಂದು ಸಿಹಿ ಕೊಡುವುದು, ಇನ್ನೊಂದು ಬೀಜಗಳನ್ನು ಒಂದಕ್ಕೊಂದು ಹಿಡಿದಿಡುವುದು. ಬೆಲ್ಲವನ್ನೇ ತೆಗೆದರೆ ಸಿಹಿಯೂ ಹೋಯಿತು, ಅಂಟೂ ಹೋಯಿತು. ‘ಸಕ್ಕರೆ ಹಾಕಿಲ್ಲ’ ಎನ್ನುವ ಪ್ರೋಟೀನ್ ಬಾರ್ ತಯಾರಿಸುವವರ ಮುಂದಿರುವುದೂ ಇದೇ ತೊಡಕು. ಹಾಲಿನ ಪ್ರೋಟೀನ್ ಪುಡಿಯನ್ನು ಮೆತ್ತಗೆ, ಸಿಹಿಯಾಗಿ ಅಚ್ಚಿನಲ್ಲಿ ನಿಲ್ಲಿಸಲು ಪಾಕದಂಥ ಏನಾದರೂ ಬೇಕೇ ಬೇಕು. ಆ ಜಾಗಕ್ಕೆ ಶುಗರ್ ಆಲ್ಕೋಹಾಲ್‌ಗಳೂ ಕಾರ್ಖಾನೆಯಲ್ಲಿ ತಯಾರಾದ ಕರಗುವ ನಾರೂ ಬರುತ್ತವೆ. ಪೊಟ್ಟಣದ ಮೇಲಿನ ಅಂಕಿಗಳು ಗೊಂದಲವಾಗುವುದು ಅಲ್ಲಿಂದಲೇ.

ಮಧುಮೇಹವಿರುವ ನನ್ನ ಚಿಕ್ಕಪ್ಪ ಒಂದು ದಿನ ಅಂಥದೊಂದು ಬಾರ್ ಹಿಡಿದು ಬಂದರು. ಮುಂಭಾಗದಲ್ಲಿ ದೊಡ್ಡ ಅಕ್ಷರದಲ್ಲಿ ‘ನೆಟ್ ಕಾರ್ಬ್ 4 ಗ್ರಾಂ’ ಎಂದಿತ್ತು. “ನಾಲ್ಕೇ ಗ್ರಾಂ ಅಂತೆ ಕಣೋ, ಎರಡು ತಿಂದ್ರೂ ಏನೂ ಆಗಲ್ಲ,” ಎಂದರು. ಹಿಂಭಾಗ ತಿರುಗಿಸಿ ನೋಡಿದರೆ ಕಾರ್ಬೊಹೈಡ್ರೇಟ್ 25 ಗ್ರಾಂ! ಹಾಗಾದರೆ 21 ಗ್ರಾಂ ಎಲ್ಲಿಗೆ ಹೋಯಿತು?

ಆ ಪೊಟ್ಟಣವನ್ನೇ ಇಟ್ಟುಕೊಂಡು ಲೆಕ್ಕ ಮಾಡೋಣ. ಬಾರ್‌ನ ತೂಕ 60 ಗ್ರಾಂ. ಅದರಲ್ಲಿ ಪ್ರೋಟೀನ್ 20, ಕೊಬ್ಬು 8, ಕಾರ್ಬೊಹೈಡ್ರೇಟ್ 25 ಗ್ರಾಂ. ಆ 25ರ ಒಳಗೆ ನಾರು 9 ಗ್ರಾಂ, ಮಾಲ್ಟಿಟಾಲ್ ಎಂಬ ಶುಗರ್ ಆಲ್ಕೋಹಾಲ್ 12 ಗ್ರಾಂ. ಇವೆರಡನ್ನೂ ಪೂರ್ತಿ ಕಳೆದರೆ ಉಳಿಯುವುದು 4. ಮುಂಭಾಗದ ‘ನೆಟ್ ಕಾರ್ಬ್’ ಎಂದರೆ ಇಷ್ಟೇ. ಅಮೆರಿಕದ ಎಫ್‌ಡಿಎ ಈ ಪದಕ್ಕೆ ಕಾನೂನಿನಲ್ಲಿ ಅರ್ಥ ಕೊಟ್ಟಿಲ್ಲ. ತಯಾರಕರೇ ಕಳೆದು ಬರೆದ ಅಂಕಿ ಅದು.

ಕಳೆಯುವುದಕ್ಕೆ ಕಾರಣ ಇಲ್ಲದಿಲ್ಲ. ನಾರು ಸಣ್ಣಕರುಳಿನಲ್ಲಿ ಜೀರ್ಣವಾಗುವುದಿಲ್ಲ, ಆದ್ದರಿಂದ ಗ್ಲೂಕೋಸ್ ಆಗಿ ರಕ್ತ ಸೇರುವುದಿಲ್ಲ. ಆದರೆ ಕರಗುವ ನಾರು ದೊಡ್ಡಕರುಳು ತಲುಪಿದಾಗ ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸುತ್ತವೆ. ಆಗ ಹುಟ್ಟುವ ಕೊಬ್ಬಿನಾಮ್ಲಗಳನ್ನು ದೇಹ ಹೀರಿಕೊಳ್ಳುತ್ತದೆ. ಹೀಗಾಗಿ ಗ್ರಾಂಗೆ 4 ಕ್ಯಾಲೊರಿ ಸಿಗದಿದ್ದರೂ ಸುಮಾರು 2 ಸಿಗುತ್ತದೆ. ರಕ್ತದ ಸಕ್ಕರೆಯ ಲೆಕ್ಕದಲ್ಲಿ ಸೊನ್ನೆಯಾದದ್ದು ಕ್ಯಾಲೊರಿಯ ಲೆಕ್ಕದಲ್ಲಿ ಸೊನ್ನೆಯಲ್ಲ. ಇವು ಎರಡು ಬೇರೆ ಲೆಕ್ಕಗಳು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ಗೊಂದಲ ಅಲ್ಲೇ ಕರಗುತ್ತದೆ.

ಇನ್ನು ಶುಗರ್ ಆಲ್ಕೋಹಾಲ್. ಹೆಸರಿನಲ್ಲಿ ಆಲ್ಕೋಹಾಲ್ ಇದೆಯೆಂದು ಹೆದರಬೇಕಿಲ್ಲ, ಮದ್ಯಕ್ಕೂ ಇದಕ್ಕೂ ಸಂಬಂಧವಿಲ್ಲ. ಸಕ್ಕರೆಯ ಅಣುವನ್ನು ಸ್ವಲ್ಪ ಮಾರ್ಪಡಿಸಿದರೆ ಸಿಗುವ ಸಿಹಿ ಪದಾರ್ಥಗಳಿವು. ಪಟ್ಟಿಯಲ್ಲಿ ಇವು ‘ಸಕ್ಕರೆ’ ಎಂಬ ಸಾಲಿಗೆ ಸೇರುವುದಿಲ್ಲ, ಹಾಗಾಗಿಯೇ ಸಕ್ಕರೆ 2 ಗ್ರಾಂ ಎಂದು ಬರೆದ ಬಾರ್ ಕೂಡ ಬಾಯಿಗೆ ಲಾಡಿನಷ್ಟು ಸಿಹಿಯಾಗಿರಬಲ್ಲದು. ಮುಖ್ಯ ಸಂಗತಿಯೆಂದರೆ, ಈ ಕುಟುಂಬದವರೆಲ್ಲ ಒಂದೇ ಥರ ಅಲ್ಲ.

ಎರಿಥ್ರಿಟಾಲ್ ತೆಗೆದುಕೊಳ್ಳಿ. ಅದರ ಬಹುಪಾಲು ಸಣ್ಣಕರುಳಿನಿಂದ ರಕ್ತ ಸೇರಿ, ದೇಹದಲ್ಲಿ ಬಳಕೆಯಾಗದೆ ಮೂತ್ರದಲ್ಲಿ ಹೊರಟುಹೋಗುತ್ತದೆ. ಅದರ ಕ್ಯಾಲೊರಿ ಹೆಚ್ಚುಕಡಿಮೆ ಸೊನ್ನೆ, ಗ್ಲೂಕೋಸ್ ಏರಿಕೆಯೂ ಇಲ್ಲವೆನ್ನುವಷ್ಟು. ಅದನ್ನು ಪೂರ್ತಿ ಕಳೆದರೆ ತಪ್ಪಿಲ್ಲ. ಮಾಲ್ಟಿಟಾಲ್ ಹಾಗಲ್ಲ. ಅದರ ಅಣುವಿನಲ್ಲಿ ಒಂದು ಗ್ಲೂಕೋಸ್, ಒಂದು ಸಾರ್ಬಿಟಾಲ್ ಜೋಡಿಯಾಗಿರುತ್ತವೆ. ಕರುಳು ಆ ಜೋಡಿಯನ್ನು ನಿಧಾನವಾಗಿ, ಅರೆಬರೆಯಾಗಿ ಬಿಡಿಸುತ್ತದೆ. ಬಿಡಿಸಿದಷ್ಟೂ ಗ್ಲೂಕೋಸ್ ರಕ್ತಕ್ಕೆ ಬರುತ್ತದೆ. ಸಕ್ಕರೆಗಿಂತ ಕಡಿಮೆ ನಿಜ, ಆದರೆ ಸೊನ್ನೆಯಂತೂ ಅಲ್ಲ. ಅಮೆರಿಕದ ನಿಯಮದಲ್ಲಿ ಮಾಲ್ಟಿಟಾಲ್‌ಗೆ ಗ್ರಾಂಗೆ 2.1 ಕ್ಯಾಲೊರಿ. ಯುರೋಪಿನಲ್ಲಿ ಎರಿಥ್ರಿಟಾಲ್ ಬಿಟ್ಟು ಉಳಿದೆಲ್ಲ ಶುಗರ್ ಆಲ್ಕೋಹಾಲ್‌ಗಳಿಗೂ 2.4.

ಈಗ ಬಾರ್‌ನ ಕ್ಯಾಲೊರಿ ಕೂಡಿಸೋಣ. ಪ್ರೋಟೀನ್‌ನಿಂದ 80, ಕೊಬ್ಬಿನಿಂದ 72, ಉಳಿದ 4 ಗ್ರಾಂ ಕಾರ್ಬೊಹೈಡ್ರೇಟ್‌ನಿಂದ 16, ನಾರಿನಿಂದ 18, ಮಾಲ್ಟಿಟಾಲ್‌ನಿಂದ ಸುಮಾರು 25. ಒಟ್ಟು 211. ಇಡೀ 25 ಗ್ರಾಂ ಕಾರ್ಬೊಹೈಡ್ರೇಟ್‌ಗೂ ಗ್ರಾಂಗೆ 4ರಂತೆ ಹಾಕಿದ್ದರೆ 252 ಆಗುತ್ತಿತ್ತು. ಮಾಲ್ಟಿಟಾಲ್ ಬದಲು ಎರಿಥ್ರಿಟಾಲ್ ಇದ್ದಿದ್ದರೆ 186. ಪಟ್ಟಿಯ ಗ್ರಾಂಗಳು ಒಂದೂ ಬದಲಾಗಲಿಲ್ಲ, ಪದಾರ್ಥದ ಹೆಸರೊಂದು ಬದಲಾದರೆ ಸಾಕು, ಕ್ಯಾಲೊರಿ ಇಷ್ಟು ಆಚೀಚೆ ಆಗುತ್ತದೆ. ನೀವು ಕೂಡಿಸಿದ ಮೊತ್ತ ಪೊಟ್ಟಣದ ಅಂಕಿಗೆ ತಾಳೆಯಾಗದಿದ್ದರೆ ತಕ್ಷಣ ಮೋಸವೆನ್ನಬೇಡಿ. ತಯಾರಕರು ಯಾವ ದರ ಹಿಡಿದಿದ್ದಾರೆಂದು ಆ ವ್ಯತ್ಯಾಸವೇ ಹೇಳುತ್ತದೆ.

ರಕ್ತದ ಸಕ್ಕರೆಯ ಲೆಕ್ಕಕ್ಕೆ ಬಂದರೆ, ಮಧುಮೇಹ ತಜ್ಞರು ಹೇಳುವ ಒರಟು ಸೂತ್ರವೊಂದಿದೆ: ಶುಗರ್ ಆಲ್ಕೋಹಾಲ್‌ನ ಅರ್ಧವನ್ನು ಮಾತ್ರ ಕಳೆಯಿರಿ. ಆಗ ಚಿಕ್ಕಪ್ಪನ ಬಾರ್ 4 ಗ್ರಾಂನದ್ದಲ್ಲ, 10 ಗ್ರಾಂನದ್ದು. ಎರಡು ತಿಂದರೆ 20. ಊಟಕ್ಕೆ ತಕ್ಕಂತೆ ಇನ್ಸುಲಿನ್ ಅಳತೆ ಹಾಕಿಕೊಳ್ಳುವವರಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಎಲ್ಲವನ್ನೂ ಕಳೆದರೆ ಇನ್ಸುಲಿನ್ ಕಡಿಮೆ ಬೀಳುತ್ತದೆ. ಎರಿಥ್ರಿಟಾಲ್ ಇರುವ ಬಾರ್‌ನಲ್ಲಿ ಏನನ್ನೂ ಕಳೆಯದಿದ್ದರೆ ಇನ್ಸುಲಿನ್ ಹೆಚ್ಚಾಗಿ ಸಕ್ಕರೆ ಕುಸಿಯಬಹುದು.

ಹಾಗಾದರೆ ಯಾವುದಿದೆ ಎಂದು ತಿಳಿಯುವುದು ಹೇಗೆ? ಪದಾರ್ಥಗಳ ಪಟ್ಟಿ ಓದಬೇಕು. ನಮ್ಮಲ್ಲಿ ಬಹಳ ಸಲ ಹೆಸರಿನ ಬದಲು ಐಎನ್ಎಸ್ ಸಂಖ್ಯೆ ಇರುತ್ತದೆ. 965 ಎಂದರೆ ಮಾಲ್ಟಿಟಾಲ್, 968 ಎರಿಥ್ರಿಟಾಲ್, 420 ಸಾರ್ಬಿಟಾಲ್. 422 ಕಂಡರೆ ಅದು ಗ್ಲಿಸರಿನ್, ಬಾರ್ ಒಣಗದಂತೆ ಮೆತ್ತಗಿಡುವ ಪದಾರ್ಥ. ಅದರ ಕ್ಯಾಲೊರಿ ಸಕ್ಕರೆಯದ್ದಕ್ಕೆ ಕಡಿಮೆಯಿಲ್ಲ.

ನಾರಿನ ವಿಷಯದಲ್ಲೂ ಹೆಸರು ನೋಡಲೇಬೇಕು ಎಂಬುದಕ್ಕೆ ಒಂದು ಪಾಠವಿದೆ. ಅಮೆರಿಕದ ಹಲವು ಬಾರ್‌ಗಳಲ್ಲಿ ಐಸೊಮಾಲ್ಟೊ-ಆಲಿಗೊಸ್ಯಾಕರೈಡ್ ಎಂಬ ಸಿಹಿಪಾಕವನ್ನು ನಾರೆಂದೇ ಎಣಿಸಿ ಕಳೆಯುತ್ತಿದ್ದರು. ಅದರ ದೊಡ್ಡ ಪಾಲು ಸಣ್ಣಕರುಳಿನಲ್ಲೇ ಜೀರ್ಣವಾಗಿ ಗ್ಲೂಕೋಸ್ ಏರಿಸುತ್ತದೆಂದು ಪರೀಕ್ಷೆಗಳಲ್ಲಿ ಕಂಡುಬಂತು. 2018ರಲ್ಲಿ ಎಫ್‌ಡಿಎ ನಾರೆಂದು ಒಪ್ಪಿದ ಪದಾರ್ಥಗಳಲ್ಲಿ ಚಿಕೋರಿ ಬೇರಿನ ಇನ್ಯುಲಿನ್, ಪಾಲಿಡೆಕ್ಸ್‌ಟ್ರೋಸ್ ಇದ್ದವು, ಇದು ಇರಲಿಲ್ಲ.

ಇನ್ನೊಂದು ಎಡವಟ್ಟು ವಿದೇಶಿ ಪೊಟ್ಟಣಗಳಲ್ಲಿ ಆಗುತ್ತದೆ. ಅಮೆರಿಕದ ಪಟ್ಟಿಯಲ್ಲಿ ಒಟ್ಟು ಕಾರ್ಬೊಹೈಡ್ರೇಟ್‌ನೊಳಗೆ ನಾರು ಸೇರಿರುತ್ತದೆ. ಯುರೋಪಿನ ಪಟ್ಟಿಯಲ್ಲಿ ನಾರನ್ನು ಮೊದಲೇ ಹೊರಗಿಟ್ಟಿರುತ್ತಾರೆ. ಇದೇ ಬಾರ್ ಅಲ್ಲಿ ಮಾರಾಟವಾದರೆ ಕಾರ್ಬೊಹೈಡ್ರೇಟ್ 16 ಗ್ರಾಂ ಎಂದೇ ಇರುತ್ತದೆ. ಅದರಿಂದ ಮತ್ತೆ 9 ಗ್ರಾಂ ನಾರು, 12 ಗ್ರಾಂ ಮಾಲ್ಟಿಟಾಲ್ ಕಳೆಯಲು ಹೋದರೆ ಸೊನ್ನೆಗಿಂತ ಕೆಳಗೆ ಇಳಿಯುತ್ತೀರಿ. ಉತ್ತರ ಹಾಗೆ ಬಂದರೆ ನಾರನ್ನು ಎರಡು ಸಲ ಕಳೆದಿದ್ದೀರಿ ಎಂದರ್ಥ.

ಹೊಟ್ಟೆಯ ಮಾತೂ ಇದೆ. ಜೀರ್ಣವಾಗದೆ ಉಳಿದ ಮಾಲ್ಟಿಟಾಲ್ ಕರುಳಿಗೆ ನೀರು ಎಳೆದುಕೊಳ್ಳುತ್ತದೆ, ಹುದುಗಿದಾಗ ಗ್ಯಾಸ್ ಆಗುತ್ತದೆ. ಯುರೋಪಿನಲ್ಲಿ ಇಂಥ ಪದಾರ್ಥ ನೂರಕ್ಕೆ ಹತ್ತಕ್ಕಿಂತ ಹೆಚ್ಚಿದ್ದರೆ ಭೇದಿಯಾಗಬಹುದೆಂಬ ಎಚ್ಚರಿಕೆ ಕಡ್ಡಾಯ. ನಮ್ಮ ಬಾರ್‌ನಲ್ಲಿ ಅದು ನೂರಕ್ಕೆ ಇಪ್ಪತ್ತು.

ಎಷ್ಟೇ ಲೆಕ್ಕ ಹಾಕಿದರೂ ಮಾಲ್ಟಿಟಾಲ್ ಯಾರ ಕರುಳಿನಲ್ಲಿ ಎಷ್ಟು ಬಿಡಿಸಿಕೊಳ್ಳುತ್ತದೆ ಎಂಬುದು ಪೊಟ್ಟಣದಲ್ಲಿ ಅಚ್ಚಾಗುವುದಿಲ್ಲ. ಅದಕ್ಕೆ ಚಿಕ್ಕಪ್ಪನಿಗೆ ಹೇಳಿದ್ದು ಇಷ್ಟು: ಬೇರೇನೂ ತಿನ್ನದೆ ಒಂದೇ ಬಾರ್ ತಿನ್ನಿ, ತಿನ್ನುವ ಮೊದಲು, ಒಂದು ಗಂಟೆಗೆ, ಎರಡು ಗಂಟೆಗೆ ಗ್ಲುಕೋಮೀಟರ್‌ನಲ್ಲಿ ನೋಡಿ ಬರೆದಿಡಿ. ಅವರು ಆ ಮೂರು ಅಂಕಿಗಳನ್ನು ಪೊಟ್ಟಣದ ಮೇಲೆಯೇ, ‘4 ಗ್ರಾಂ’ ಎಂದು ಅಚ್ಚಾಗಿದ್ದ ಪಕ್ಕದಲ್ಲಿ ಬರೆದರು. ಎರಡನೆಯ ಬಾರ್ ಡಬ್ಬಿಗೆ ವಾಪಸ್ಸು ಹೋಯಿತು.