‘ಇದೊಂದು ಸೇರಿಸಿಬಿಡಿ’ ಅಂದಾಗ ಬರೆಯುವ ಇಮೇಲ್

ಮೈಸೂರಿನ ಸಣ್ಣ ಸಾಫ್ಟ್‌ವೇರ್ ಕಂಪನಿಯೊಂದು ರೇಷ್ಮೆ ಸೀರೆ ಅಂಗಡಿಗೆ ವೆಬ್‌ಸೈಟ್ ಮಾಡಿಕೊಡಲು ಒಪ್ಪಿದೆ ಎಂದುಕೊಳ್ಳಿ. 4 ಲಕ್ಷ ರೂಪಾಯಿ, ಜಿಎಸ್‌ಟಿ ಬೇರೆ, 10 ವಾರದ ಗಡುವು. ಆರನೇ ವಾರದಲ್ಲಿ ಮಾಲೀಕರ ಫೋನ್: “ಗ್ರಾಹಕರು ಸೀರೆ ವಾಪಸ್ ಕಳಿಸೋ ವ್ಯವಸ್ಥೆನೂ ಇರಲಿ. ಹಾಗೇ ಕನ್ನಡದ ಪುಟಗಳೂ ಬರಲಿ.”

ಈಗ ಮೊದಲು ತೆರೆಯಬೇಕಾದದ್ದು ಹಳೆಯ ಒಪ್ಪಂದ. ಅದರಲ್ಲಿ ಬರೆದಿರುವ ಯುಪಿಐ ಪಾವತಿ ಕೈಕೊಟ್ಟರೆ ಕಂಪನಿಯೇ ಪುಕ್ಕಟೆ ಸರಿಪಡಿಸಬೇಕು. ಸೀರೆ ವಾಪಸಾತಿಯ ಮಾತೇ ಅಲ್ಲಿಲ್ಲದಿದ್ದರೆ ಅದು ‘ಚೇಂಜ್ ರಿಕ್ವೆಸ್ಟ್’.

ಮಾಲೀಕರಿಗೆ ಅದು ಒಂದು ಬಟನ್ ಅಷ್ಟೆ. ಒಳಗಿನ ಕೆಲಸ ಬೇರೆಯೇ: ಹಣ ಪೇಮೆಂಟ್ ಗೇಟ್‌ವೇ ಮೂಲಕ ಹಿಂದಿರುಗಬೇಕು, ಸೀರೆ ಮತ್ತೆ ಸ್ಟಾಕ್ ಲೆಕ್ಕಕ್ಕೆ ಸೇರಬೇಕು, ಜಿಎಸ್‌ಟಿ ಲೆಕ್ಕಕ್ಕೆ ಕ್ರೆಡಿಟ್ ನೋಟ್ ತಯಾರಾಗಬೇಕು. ಈಗಾಗಲೇ ಮುಗಿದಿರುವ ಆರ್ಡರ್ ಭಾಗವನ್ನೂ ಮತ್ತೊಮ್ಮೆ ಪರೀಕ್ಷಿಸಬೇಕು. ಅಂದಾಜಿನಲ್ಲಿ ಹೆಚ್ಚಿನವರು ಮರೆಯುವುದು ಈ ಮರುಪರೀಕ್ಷೆಯನ್ನೇ.

ಒಬ್ಬರ ದಿನಕ್ಕೆ 5,000 ರೂಪಾಯಿಯಂತೆ ಲೆಕ್ಕ ಹಾಕೋಣ. ವಾಪಸಾತಿಗೆ ಮರುಪರೀಕ್ಷೆಯೂ ಸೇರಿ 14 ದಿನ, ಅಂದರೆ 70,000. ಕನ್ನಡ ಪುಟಗಳಿಗೆ 6 ದಿನ, 30,000. ಒಟ್ಟು 5 ಲಕ್ಷ. ಶೇ 18ರ ಜಿಎಸ್‌ಟಿ ಸೇರಿದರೆ 5,90,000.

ದಿನಗಳನ್ನು ಮಾತ್ರ ಹೀಗೆ ಕೂಡಿಸುವಂತಿಲ್ಲ. ಕನ್ನಡ ಪುಟಗಳನ್ನು ಇನ್ನೊಬ್ಬರು ಅದೇ ಹೊತ್ತಿನಲ್ಲಿ ಮಾಡುತ್ತಾರೆ. ಹಾಗಾಗಿ ಗಡುವು ಮುಂದೆ ಹೋಗುವುದು ವಾಪಸಾತಿಯಿಂದ ಮಾತ್ರ, ಸುಮಾರು ಮೂರು ವಾರ. ಕನ್ನಡ ಪುಟ ಕೈಬಿಟ್ಟರೆ ದುಡ್ಡು ಉಳಿಯುತ್ತದೆ, ಒಂದು ದಿನವೂ ಉಳಿಯುವುದಿಲ್ಲ. ದೀಪಾವಳಿ ವ್ಯಾಪಾರದ ಮೇಲೆ ಕಣ್ಣಿಟ್ಟಿರುವ ಮಾಲೀಕರಿಗೆ ಇದು ಗೊತ್ತಾಗಲೇಬೇಕು. ಎರಡನ್ನೂ ಸೇರಿಸಿ ‘ಒಂದು ಲಕ್ಷ, ಮೂರು ವಾರ’ ಎಂದು ಬರೆದರೆ ಅವರಿಗೆ ಉಳಿಯುವ ದಾರಿ ಚೌಕಾಶಿಯೊಂದೇ.

ಇಮೇಲ್ ಹೀಗಿರಬಹುದು:

“ನಮಸ್ಕಾರ ಸರ್. ಸೋಮವಾರ ಫೋನಿನಲ್ಲಿ ತಾವು ಕೇಳಿದ ಎರಡು ಅಂಶಗಳು ಮೂಲ ಒಪ್ಪಂದದಲ್ಲಿ ಇಲ್ಲ. ಖರ್ಚು, ಸಮಯದ ವಿವರ ಕೆಳಗಿದೆ. ಎರಡೂ ಈಗಲೇ ಬೇಕಿದ್ದರೆ 13ನೇ ವಾರಕ್ಕೆ ಕೊಡುತ್ತೇವೆ. ಕನ್ನಡ ಪುಟಗಳನ್ನಷ್ಟೇ ಈಗ ಸೇರಿಸಿದರೆ ಮೊದಲು ಹೇಳಿದಂತೆ 10ನೇ ವಾರಕ್ಕೇ ಸೈಟ್ ಶುರುವಾಗುತ್ತದೆ. ವಾಪಸಾತಿಯನ್ನು ಆಮೇಲೆ ಜೋಡಿಸಬಹುದು. ಯಾವುದು ಬೇಕೆಂದು ಶುಕ್ರವಾರದೊಳಗೆ ಇದಕ್ಕೇ ಉತ್ತರಿಸಿ ತಿಳಿಸಿ. ಅಲ್ಲಿಯವರೆಗೆ ಮೂಲ ಕೆಲಸ ನಡೆಯುತ್ತಿರುತ್ತದೆ, ಹೊಸದನ್ನು ಆರಂಭಿಸುವುದಿಲ್ಲ.”

‘ನೀವು ಮೊದಲೇ ಹೇಳಬೇಕಿತ್ತು’ ಎಂಬ ಕೊಂಕು ಇದರಲ್ಲಿಲ್ಲ. ಶುಕ್ರವಾರದ ಗಡುವಿಗೂ ಕಾರಣವಿದೆ: ಉತ್ತರ ತಡವಾದಷ್ಟೂ 13ನೇ ವಾರದ ಗಡುವೂ ಮುಂದಕ್ಕೆ ಹೋಗುತ್ತದೆ.

ಬರಿಯ ಇಮೇಲ್ ಒಪ್ಪಿಗೆ ಸಾಕೇ? ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 10ಎ ಕಲಮಿನ ಪ್ರಕಾರ ಎಲೆಕ್ಟ್ರಾನಿಕ್ ರೂಪದಲ್ಲಿದೆ ಎಂಬ ಒಂದೇ ಕಾರಣಕ್ಕೆ ಒಪ್ಪಂದ ಬಿದ್ದುಹೋಗದು. ಆದರೆ ಬದಲಾವಣೆಗೆ ಇಬ್ಬರ ಸಹಿ ಬೇಕೆಂದು ಮೂಲ ಒಪ್ಪಂದದಲ್ಲೇ ಬರೆದಿದ್ದರೆ, ಸಹಿ ಬಂದ ಮೇಲೆಯೇ ಹೊಸ ಕೆಲಸಕ್ಕೆ ಕೈಹಾಕುವುದು ಕ್ಷೇಮ.